ಯಾರೂ ಹರಿಯದ ಅಂಗಿ

ಮೊರಾವಾ ನದಿಯ ದಂಡೆಯ ಆ ಸಣ್ಣ ಊರಿನ ಬಸ್ ಡಿಪೋದಲ್ಲಿ ಯಾರ ಮನೆಯಲ್ಲಿ ತೊಟ್ಟಿಲು ತೂಗಿದರೂ, ಯಾರ ಮನೆಯಿಂದ ಹೆಣ ಹೊರಟರೂ ಸುದ್ದಿ ಮೊದಲು ಬರುತ್ತಿದ್ದದ್ದು ದೇಸಾಂಕಾಳ ಮೇಜಿಗೆ. ಅವಳ ಕೆಲಸ ಟಿಕೆಟ್ ಲೆಕ್ಕ ನೋಡುವುದು. ಹೆತ್ತವರಿಗೆ, ಸತ್ತವರ ಮನೆಯವರಿಗೆ ಡಿಪೋದ ಪರವಾಗಿ ಎರಡು ಸಾಲು ಬರೆದು ಕಳಿಸುವುದು ಅವಳ ಕೆಲಸವೆಂದು ಯಾವ ಆದೇಶದಲ್ಲೂ ಇರಲಿಲ್ಲ. ಅದು ತಾನಾಗಿ ಬಂದು ಅವಳ ಕೊರಳಿಗೆ ಬಿದ್ದದ್ದು.

ಬಿದ್ದದ್ದಕ್ಕೆ ಕಾರಣ ಮ್ಯಾನೇಜರ್ ರಾಡೋವಾನ್. ಮೊದಲೆಲ್ಲ ಅವರೇ ಬರೆಯುತ್ತಿದ್ದರು. ಒಮ್ಮೆ ಒಬ್ಬ ಚಾಲಕನ ತಾಯಿ ತೀರಿಕೊಂಡಾಗ, ನಿವೃತ್ತಿಯಾದವರಿಗೆ ಕೊಡುವ ಪತ್ರವನ್ನೇ ಎದುರಿಗಿಟ್ಟುಕೊಂಡು ಬರೆದರು. ‘ನಿಮ್ಮ ತಾಯಿಯ ಅಗಲಿಕೆಗೆ ವಿಷಾದಿಸುತ್ತೇವೆ, ಅವರ ಮುಂದಿನ ದಿನಗಳು ಸುಖಕರವಾಗಿರಲಿ’ ಎಂದು ಮುದ್ರೆ ಒತ್ತಿ ಕಳಿಸಿಯೂ ಬಿಟ್ಟರು. ಪಾಪ, ಒಳ್ಳೆಯ ಮನುಷ್ಯ, ಆದರೆ ಪೆನ್ನು ಹಿಡಿದರೆ ಕೈಗೆ ಬುದ್ಧಿಯಿರುವುದಿಲ್ಲ. ಅಂದಿನಿಂದ ಡಿಪೋದ ನಗು ಅಳು ಎರಡೂ ದೇಸಾಂಕಾಳ ಪಾಲಿಗೆ ಬಂದವು. ಅವಳ ಡ್ರಾಯರಿನಲ್ಲಿ ಕಪ್ಪು ಅಂಚಿನ ಕಾರ್ಡುಗಳು ಎಡಕ್ಕೆ, ಹೂವಿನ ಚಿತ್ರದವು ಬಲಕ್ಕೆ. ನಡುವೆ ಪುಟ್ಟ ಕತ್ತರಿ, ಸೂಜಿ ದಾರ; ಡಿಪೋದಲ್ಲಿ ಯಾರ ಗುಂಡಿ ಬಿದ್ದರೂ ಹೊಲಿಯುವವಳೂ ಅವಳೇ. ಇಗರ್ಜಿಯಲ್ಲಿ ಬದುಕಿರುವವರ ಮೇಣದಬತ್ತಿ ಮೇಲಿನ ತಟ್ಟೆಯಲ್ಲಿ, ಸತ್ತವರದು ಕೆಳಗಿನ ತಟ್ಟೆಯಲ್ಲಿ ಉರಿಯುವುದಿಲ್ಲವೇ? ಹಾಗೆ, ಒಂದಕ್ಕೊಂದು ತಾಗಬಾರದು ಎಂಬುದು ಅವಳ ಮಡಿ.

ಅವಳ ಸಾಲುಗಳು ಚಿಕ್ಕವು. ಯಾಕೆ ಚಿಕ್ಕವು ಎಂದರೆ ಉದ್ದದವುಗಳ ರುಚಿ ಅವಳಿಗೆ ಗೊತ್ತಿತ್ತು. ಅವಳ ಗಂಡ ಝಿವೋತಾ ಇದೇ ಡಿಪೋದ ಹಿರಿಯ ಮೆಕ್ಯಾನಿಕ್. ಒಂದು ಬೆಳಿಗ್ಗೆ ಬಸ್ಸಿನಡಿ ಮಲಗಿ ಕೆಲಸ ಮಾಡುತ್ತಿದ್ದವನು ಎದ್ದು ಬರಲಿಲ್ಲ, ಎದೆ ನಿಂತುಹೋಗಿತ್ತು. ಆಗ ಬಂದ ಮಾತುಗಳನ್ನು ಅವಳು ಇಂದಿಗೂ ಮರೆತಿಲ್ಲ. ಒಬ್ಬರು ಫೋನ್ ಮಾಡಿ, “ಕೊನೇಲಿ ಏನಾದ್ರೂ ಅಂದ್ರಾ?” ಎಂದು ಕೇಳಿದರು. ಇನ್ನೊಬ್ಬರು ತಮ್ಮ ಮಾವನ ಸಾವಿನ ಕಥೆಯನ್ನು ಎರಡು ಹಾಳೆ ಬರೆದರು. ಮತ್ತೊಬ್ಬಾಕೆ ಕೈ ಹಿಡಿದುಕೊಂಡು, “ದೇವರು ಒಳ್ಳೆಯವರನ್ನ ಬೇಗ ಕರ್ಕೋತಾನಮ್ಮ” ಎಂದಳು. ದೇಸಾಂಕಾ ಮನಸ್ಸಿನಲ್ಲೇ, ಹಾಗಾದರೆ ಉಳಿದ ನಾನು ಯಾವ ಲೆಕ್ಕ ಎಂದುಕೊಂಡು ಕಾಫಿ ಕೊಟ್ಟು ಕಳಿಸಿದಳು. ಗಾಯಕ್ಕೆ ಉಪ್ಪು ಸವರುವವರೆಲ್ಲ ಮುಲಾಮು ಹಚ್ಚುತ್ತಿದ್ದೇವೆ ಎಂದೇ ತಿಳಿದಿರುತ್ತಾರೆ.

ಆ ಎಲ್ಲದರ ನಡುವೆ ಒಂದೇ ಒಂದು ಚೀಟಿ ಅವಳ ಎದೆಗೆ ತಾಗಿತು. ಝಿವೋತಾನ ಕೈಕೆಳಗೆ ಕೆಲಸ ಕಲಿತ ಮಿಲುತಿನ್ ಬರೆದದ್ದು. ‘ಯಜಮಾನರ ಸ್ಪ್ಯಾನರ್ ಪೆಟ್ಟಿಗೆ ನನ್ನ ಹತ್ತಿರ ಜೋಪಾನವಾಗಿದೆ. ಅವರು ಇಟ್ಟ ಹಾಗೇ ಇದೆ. ನೀವು ಬೇಕೆಂದ ದಿನ ತಂದುಕೊಡುತ್ತೇನೆ. ಉತ್ತರ ಬರೆಯಬೇಡಿ.’ ಅಷ್ಟೇ. ಅದನ್ನು ಓದಿ ಅವಳು ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು. ಆ ಚೀಟಿ ಈಗಲೂ ಮನೆಯಲ್ಲಿ ಸಂತರ ಪಟದ ಹಿಂದಿದೆ. ಮಿಲುತಿನ್ ಅಂದಿನಿಂದ ಅವಳಿಗೆ ಬರೀ ಸಹೋದ್ಯೋಗಿಯಲ್ಲ, ಅವನಿಗೂ ಅವಳು ದೇಸಾ ಚಿಕ್ಕಮ್ಮ.

ಆ ಮಿಲುತಿನ್‌ಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಅವನ ಹೆಂಡತಿ ತಿಯಾನಾ ಬಸಿರಾದಳು, ಅದೂ ಅವಳಿ. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಅವನು ಆಸ್ಪತ್ರೆಯಿಂದ ವರ್ಕ್‌ಶಾಪಿನ ಮೇಸ್ತ್ರಿ ಬ್ರಾಂಕೋಗೆ ಫೋನ್ ಮಾಡಿದ: ಒಂದು ಗಂಡು, ಒಂದು ಹೆಣ್ಣು. ಬ್ರಾಂಕೋನ ಬಾಯಿ ಬೊಂಬಾಯಿ. ಒಂದು ಸಿಗರೇಟು ಮುಗಿಯುವುದರೊಳಗೆ ಸುದ್ದಿ ಡಿಪೋದವರ ಫೋನುಗಳ ವೈಬರ್ ಗುಂಪಿನಲ್ಲಿತ್ತು. ಬಲೂನು, ಶಾಂಪೇನು, ತೊಟ್ಟಿಲುಗಳ ಚಿತ್ರಗಳು ಸುರಿದವು.

“ಅಂಗಿ ಹರಿಯೋಕೆ ಕೈ ತುರಿಸ್ತಾ ಇದೆ ಕಣ್ರೋ!” ಎಂದು ಬ್ರಾಂಕೋ ಕ್ಯಾಂಟೀನಿನಲ್ಲಿ ಕೂಗಿದ. ಮಗು ಹುಟ್ಟಿದ ಮೇಲೆ ಕೆಲಸಕ್ಕೆ ಬರುವ ಅಪ್ಪನ ಮೈಮೇಲಿನ ಅಂಗಿಯನ್ನು ಜೊತೆಯವರು ಚಿಂದಿ ಮಾಡಲೇಬೇಕು. ಅದೇ ಅಲ್ಲಿನ ಶುಭಾಶಯ. ಅಂಗಳದ ಲಿಂಡನ್ ಮರದ ಕೊಂಬೆಗಳಲ್ಲಿ ಹೀಗೆ ಹರಿದ ತೋಳು, ಕಾಲರುಗಳು ಬಣ್ಣ ಬಿಟ್ಟುಕೊಂಡು ಜೋತಾಡುತ್ತಿದ್ದವು. “ಅವಳಿ ಅಂದ್ಮೇಲೆ ಎರಡು ಅಂಗಿ ಹಾಕ್ಕೊಂಡ್ ಬರ್ಲಿ ಅವ್ನು. ಒಂದರಲ್ಲಿ ನಾನು ಬಿಡೋನಲ್ಲ!”

ಸಂಜೆ ಹೊತ್ತಿಗೆ ಗಂಡುಮಗು ತೀರಿಕೊಂಡಿತು.

ಈ ಸುದ್ದಿಯನ್ನು ಮಿಲುತಿನ್ ದೇಸಾಂಕಾಳಿಗೆ ಮಾತ್ರ ತಿಳಿಸಿದ. “ಹುಡುಗ ಹೋದ ಚಿಕ್ಕಮ್ಮ. ನೀವೇ ಎಲ್ರಿಗೂ ಹೇಳ್ಬಿಡಿ. ನಂಗೆ ಆಗಲ್ಲ.” ಅವಳು ತಡಮಾಡಲಿಲ್ಲ. ಗುಂಪಿನಲ್ಲಿದ್ದ ಬಲೂನುಗಳನ್ನೆಲ್ಲ ಅಳಿಸಿಹಾಕಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಮರುದಿನ ವರ್ಕ್‌ಶಾಪಿನಲ್ಲಿ ನಿಂತು ಬೆರಳೆತ್ತಿ ಹೇಳಿದಳು: “ನೋಡಿ, ಅವನು ಬಂದಾಗ ಕೈ ಕುಲುಕಿ, ‘ನಿನ್ನ ದುಃಖದಲ್ಲಿ ನಾವಿದ್ದೀವಿ’ ಅನ್ನಿ, ಸಾಕು. ಹೆಂಗಾಯ್ತು, ಯಾಕಾಯ್ತು, ಡಾಕ್ಟ್ರು ಏನಂದ್ರು, ಒಂದೂ ಬೇಡ. ಮಗು ಅನ್ನೋ ಮಾತೇ ಯಾರ ಬಾಯಲ್ಲೂ ಬರ್ಬಾರ್ದು. ಬ್ರಾಂಕೋ, ನಿಂಗೇ ಹೇಳ್ತಿರೋದು. ಅಂಗಿ ಗಿಂಗಿ ಅಂತ ಅವನ ಹತ್ರ ಸುಳಿದ್ಯೋ, ಈ ಕತ್ತರೀಲೇ ನಿನ್ ಮೀಸೆ ಕತ್ತರಿಸ್ತೀನಿ.”

“ಅಯ್ಯೋ, ನಾನೇನು ಕಲ್ಲಾ ಚಿಕ್ಕಮ್ಮ?” ಎಂದ ಬ್ರಾಂಕೋ. ಅವನ ಕಣ್ಣು ಆಗಲೇ ಕೆಂಪಾಗಿತ್ತು.

ಆಮೇಲೆ ಅವಳು ಎಡಗಡೆಯಿಂದ ಕಪ್ಪು ಅಂಚಿನ ಕಾರ್ಡು ತೆಗೆದಳು. ‘ಪ್ರೀತಿಯ ಮಿಲುತಿನ್, ತಿಯಾನಾ, ನಿಮಗಾದ ನಷ್ಟಕ್ಕೆ ನಮ್ಮಲ್ಲಿ ಮಾತಿಲ್ಲ. ನಿಮ್ಮ ನೋವಿನಲ್ಲಿ ಮೌನವಾಗಿ ಜೊತೆಗಿದ್ದೇವೆ. ಡಿಪೋದ ನಿಮ್ಮ ಗೆಳೆಯರು.’ ಎಲ್ಲರೂ ಸಹಿ ಹಾಕಿದರು. ಬರೆದದ್ದನ್ನು ಓದಿಕೊಂಡಾಗ ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ ಎನಿಸಿತು. ಅದರ ಜೊತೆಗೆ, ದುಃಖದ ಮನೆಗೆ ಒಯ್ಯುವಂತೆ, ಕಾಫಿಪುಡಿ ಮತ್ತು ಸಕ್ಕರೆಯ ಪೊಟ್ಟಣಗಳನ್ನು ಕಟ್ಟಿ ಕಳಿಸಿದಳು. ಉತ್ತರ ಬರಲಿಲ್ಲ. ಉತ್ತರ ಬರಬಾರದು ಎಂದೇ ಅವಳೂ ಬಯಸಿದ್ದು.

ಮಿಲುತಿನ್ ಕೆಲಸಕ್ಕೆ ಮರಳಿದಾಗ ಗಡ್ಡ ಬೆಳೆದಿತ್ತು. ಸಾವಾದ ಮನೆಯ ಗಂಡಸು ನಲವತ್ತು ದಿನ ಗಡ್ಡ ತೆಗೆಯುವುದಿಲ್ಲ. ನೀಲಿ ಕೆಲಸದ ಕೋಟಿನೊಳಗೆ ಒಂದು ಹಳೆಯ ಚೌಕುಳಿ ಅಂಗಿ, ಕಾಲರ್ ಸವೆದು ದಾರ ಎದ್ದಿತ್ತು. ಅವನು ಬಂದವನೇ ವರ್ಕ್‌ಶಾಪಿನ ನಡುವೆ ನಿಂತು ಕೋಟು ಬಿಚ್ಚಿ ಮೊಳೆಗೆ ಹಾಕಿದ. ಆ ಅಂಗಿಯಲ್ಲೇ ಒಂದು ಗಳಿಗೆ ಸುಮ್ಮನೆ ನಿಂತ. ಎಲ್ಲರೂ ಸಾಲಾಗಿ ಬಂದು ಕೈ ಕುಲುಕಿ, ದೇಸಾಂಕಾ ಹೇಳಿಕೊಟ್ಟ ಮಾತನ್ನು ಹೇಳಿ, ಕಣ್ಣು ತಪ್ಪಿಸಿ ಹೋದರು. ಒಬ್ಬನೂ ಹೆಚ್ಚು ಮಾತಾಡಲಿಲ್ಲ. ಅವಳಿಗೆ ಹೆಮ್ಮೆಯೆನಿಸಿತು.

ಮರುದಿನವೂ ಅದೇ ಅಂಗಿ. ಅದರ ಮರುದಿನವೂ. ಒಗೆದು ಇಸ್ತ್ರಿ ಮಾಡಿದ್ದು, ಆದರೆ ಅದೇ. ಸೆಪ್ಟೆಂಬರ್ ಕಳೆದು ಅಂಗಳದಲ್ಲಿ ಚಳಿ ಕಾಲಿಡುತ್ತಿತ್ತು. ಅವನು ಮಾತ್ರ ಬೆಳಿಗ್ಗೆ ಬಂದ ಕೂಡಲೇ ಕೋಟು ಬಿಚ್ಚುವುದು ಬಿಡಲಿಲ್ಲ. ಕ್ಯಾಂಟೀನಿನಲ್ಲಿ ಅವನು ಬಂದು ಕೂತರೆ ಹರಟೆ ತಟಕ್ಕನೆ ನಿಲ್ಲುತ್ತಿತ್ತು. ಮೊಮ್ಮಗನ ಫೋಟೋ ತೋರಿಸುತ್ತಿದ್ದವರು ಫೋನ್ ಬೋರಲು ಹಾಕುತ್ತಿದ್ದರು. ಅವನು ಬೀನ್ಸ್ ಸಾರು ಅರ್ಧ ತಿಂದು ಎದ್ದು ಹೋಗುತ್ತಿದ್ದ. ದುಃಖ ತಿನ್ನುತ್ತಿದೆ, ಬಟ್ಟೆಬರೆಯ ಮೇಲೂ ನಿಗಾ ಇಲ್ಲ ಎಂದು ದೇಸಾಂಕಾ ಮರುಗಿದಳು. ಕಾಲವೇ ಎಲ್ಲವನ್ನೂ ಮರೆಸುತ್ತದೆ ಎಂದು ಯಾರೋ ಅಂದಾಗ ಮಾತ್ರ ಅವಳು ಕೆರಳಿದಳು. “ಆ ಮಾತು ಅವನ ಮುಂದೆ ಅಂದೀಯ ಜೋಕೆ!”

ಹೀಗಿರುವಾಗ ರಾಡೋವಾನ್ ಅವಳನ್ನು ಒಳಗೆ ಕರೆದರು. ಬಾಗಿಲು ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮಿಲುತಿನ್ ಬೇರೆ ಊರಿನ ಗ್ಯಾರೇಜಿಗೆ ಹೋಗ್ತಾನಂತೆ ದೇಸಾ. ಸೋಮವಾರ ಕಾಗದ ಕೊಡ್ತೀನಿ ಅಂದ. ಕಾರಣ ಕೇಳಿದ್ರೆ, ‘ಇಲ್ಲಿ ಎಲ್ರೂ ಒಳ್ಳೇವ್ರು’ ಅಂತಾನೆ. ಒಳ್ಳೇವ್ರಿದ್ದಾರೆ ಅಂತ ಯಾರಾದ್ರೂ ಕೆಲಸ ಬಿಡ್ತಾರಾ?”

“ನೀವೇನಂದ್ರಿ?”

“ನಾನೇನು ಅನ್ಲಿ? ನನ್ನ ಬಾಯಿ ವಿಷ್ಯ ನಿಂಗೇ ಗೊತ್ತು. ನೀನು ಏನಾದ್ರೂ ಬರಿ. ನಿನ್ ಮಾತು ಕೇಳ್ತಾನೆ ಅವ್ನು.”

ಅವಳು ಹೊರಬಂದು ಡ್ರಾಯರು ಎಳೆದಳು. ಎಡಗಡೆಯ ಕಾರ್ಡು ಆಗಲೇ ಕೊಟ್ಟಾಗಿತ್ತು. ಬಲಗಡೆಯದನ್ನು ಮುಟ್ಟಲು ಕೈ ಬರಲಿಲ್ಲ. ಏನು ಬರೆದರೂ ಕೆದಕಿದಂತೆ, ಬರೆಯದಿದ್ದರೆ ಕೈಬಿಟ್ಟಂತೆ. ಅತ್ತ ದರಿ, ಇತ್ತ ಪುಲಿ. ಝಿವೋತಾನ ಜಾಗದಲ್ಲಿ ನಿಂತು ದುಡಿಯುತ್ತಿದ್ದ ಹುಡುಗ, ಅವಳ ಕಷ್ಟಕ್ಕೆ ಸರಿಯಾದ ಮಾತು ಹುಡುಕಿಕೊಟ್ಟವನು ಅವನೊಬ್ಬನೇ, ಈಗ ಅವನಿಗೆ ಬೇಕಾದ ಮಾತು ತನ್ನ ಬಳಿ ಇಲ್ಲವಲ್ಲ ಎಂದು ಅವಳು ಕೊರಗಿದಳು. ಕೊನೆಗೆ ಕಾರ್ಡು ಬಿಟ್ಟು ಸೂಜಿ ದಾರ ಕೈಗೆತ್ತಿಕೊಂಡಳು. ಮಾತು ಬರದಿದ್ದರೆ ಕೈಯಾದರೂ ಏನಾದರೂ ಮಾಡಲಿ.

ಮಿಲುತಿನ್ ವರ್ಕ್‌ಶಾಪಿನ ಹಿಂದಿನ ಬೆಂಚಿನ ಮೇಲೆ ಒಬ್ಬನೇ ಕೂತಿದ್ದ.

“ಆ ಅಂಗಿ ಬಿಚ್ಚಿಕೊಡು ಮಗನೇ. ಕಾಲರ್ ತಿರುಗಿಸಿ ಹೊಲಿದುಕೊಡ್ತೀನಿ. ಐದು ನಿಮಿಷದ ಕೆಲಸ.”

ಅವನು ಎರಡೂ ಕೈಯಲ್ಲಿ ಕಾಲರನ್ನು ಹಿಡಿದುಕೊಂಡ. “ಬೇಡ ಚಿಕ್ಕಮ್ಮ. ಇದನ್ನ ಹೊಲೀಬಾರ್ದು.”

“ಯಾಕೋ?”

“ಇದು ಹರೀಲಿ ಅಂತ ತೆಗೆದಿಟ್ಟ ಅಂಗಿ.”

ದೇಸಾಂಕಾ ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟಳು.

“ಆಸ್ಪತ್ರೆಗೆ ಹೋಗೋಕೆ ಮುಂಚೆ ತಿಯಾನಾನೇ ಬೀರುವಿನಿಂದ ತೆಗೆದು ಕುರ್ಚಿ ಮೇಲೆ ಇಟ್ಟಿದ್ಲು. ‘ಇದನ್ನೇ ಹಾಕ್ಕೊಂಡು ಹೋಗಿ, ಆ ಬ್ರಾಂಕೋ ರಾಕ್ಷಸ ಒಳ್ಳೇ ಅಂಗೀನ ಹಾಳ್ಮಾಡ್ತಾನೆ’ ಅಂತ ನಗ್ತಿದ್ಲು. ಹುಡುಗನ್ನ ಮಣ್ಣಿಗಿಟ್ಟು ಬಂದ್ಮೇಲೂ ಇದನ್ನೇ ಕೊಟ್ಲು. ‘ಹೆಣ್ಣುಮಗು ಬದುಕಿದೆಯಲ್ಲಾ’ ಅಂದ್ಲು.” ಅವನ ಕೈ ಇನ್ನೂ ಕಾಲರಿನ ಮೇಲೇ ಇತ್ತು. “ದಿನಾ ಸಂಜೆ ಬಾಗಿಲು ತೆಗೆದ ಕೂಡ್ಲೇ ಅವಳು ನನ್ನ ಮುಖ ನೋಡಲ್ಲ ಚಿಕ್ಕಮ್ಮ, ಅಂಗಿ ನೋಡ್ತಾಳೆ. ಆಮೇಲೆ ಏನೂ ಅನ್ನದೆ ಬಿಚ್ಚಿಸ್ಕೊಂಡು ಒಗೀತಾಳೆ. ಮೊನ್ನೆ ಕೇಳಿದ್ಲು. ‘ನಿಮ್ಮ ಡಿಪೋದವ್ರಿಗೆ ನಮ್ಮ ಮಗಳು ಹುಟ್ಟೇ ಇಲ್ವಾ?’ ಅಂತ.”

ದೇಸಾಂಕಾ ಬೆಂಚಿನ ಮೇಲೆ ಅವನ ಪಕ್ಕ ಕೂತಳು. ಹುಟ್ಟಿದ ಮಗುವಿಗೆ ‘ಬಾಳಲಿ, ಬದುಕಲಿ’ ಎಂಬ ಮಾತೊಂದು ಬೇಕು. ಅದನ್ನು ಯಾರೂ ಹೇಳಿರಲಿಲ್ಲ. ಹೇಳಬಂದವರ ಬಾಯಿಯನ್ನು ಅವಳೇ ಹೊಲಿದಿದ್ದಳು. ಒಂದು ತೊಟ್ಟಿಲ ಮೇಲೆ ಕಪ್ಪು ಬಟ್ಟೆ ಎಳೆಯುವಾಗ ಎರಡೂ ತೊಟ್ಟಿಲುಗಳ ಮೇಲೆ ಎಳೆದುಬಿಟ್ಟಿದ್ದಳು. ಸತ್ತ ಮಗುವಿಗಾದರೂ ಏನು ಕೊಟ್ಟಳು? ‘ನಷ್ಟ’ ಎಂದು ಬರೆದಳು, ಕಳೆದುಹೋದ ಟಿಕೆಟ್ ಕಟ್ಟಿಗೆ ಬರೆದ ಹಾಗೆ. ಅದಕ್ಕೊಂದು ಹೆಸರಿತ್ತೇ ಎಂದು ಕೂಡ ಕೇಳಿರಲಿಲ್ಲ.

“ಹೆಸರೇನಿಟ್ರಿ ಮಗನೇ?” ಎಂದಳು ಮೆಲ್ಲಗೆ. “ಹೇಳೋಕೆ ಮನಸ್ಸಿದ್ರೆ ಹೇಳು.”

ಅವನು ತಲೆ ಎತ್ತಿದ. ಅಷ್ಟು ದಿನಗಳಲ್ಲಿ ಮೊದಲ ಸಲ ಅವಳನ್ನು ನೇರ ನೋಡಿದ. “ದುನ್ಯಾ. ಅವನು ಲಾಜಾರ್. ಅವನಿಗೆ ನಮ್ಮಪ್ಪನ ಹೆಸ್ರು.”

ಅವಳು ಮೇಜಿಗೆ ಮರಳಿ ಬಿಳಿಯ ಹಾಳೆಯೊಂದನ್ನು ತೆಗೆದಳು. ಕಪ್ಪು ಅಂಚೂ ಇಲ್ಲ, ಹೂವೂ ಇಲ್ಲ. ಈ ಸಲ ಬರೆಯುವುದಕ್ಕೆ ಕಷ್ಟವಾಗಲಿಲ್ಲ.

‘ತಿಯಾನಾ, ಮಿಲುತಿನ್, ನಿಮ್ಮ ಲಾಜಾರ್ ಬಂದು ಹೋದ. ಅವನನ್ನು ನೋಡಲು ನಮಗಾಗಲಿಲ್ಲ, ನಮಗೆ ತುಂಬ ದುಃಖವಾಗಿದೆ. ನಿಮ್ಮ ದುನ್ಯಾ ಬಂದು ಉಳಿದಿದ್ದಾಳೆ. ಅವಳು ಬಾಳಲಿ, ಆರೋಗ್ಯವಾಗಿರಲಿ. ಇದನ್ನು ತಡವಾಗಿ ಹೇಳುತ್ತಿದ್ದೇವೆ, ಕ್ಷಮಿಸಿ. ಶನಿವಾರ ಬ್ರಾಂಕೋ ಚಳಿಗಾಲದ ಸೌದೆ ತಂದು ಗೇಟಿನ ಬಳಿ ಇಳಿಸಿ ಹೋಗುತ್ತಾನೆ, ಒಳಗೆ ಬರುವುದಿಲ್ಲ. ಒಳಗೆ ಬರಲಿ ಅನಿಸಿದರೆ ನೀವೇ ಕರೆಯಿರಿ. ಉತ್ತರ ಬರೆಯಬೇಡಿ.’

ಹಾಳೆ ಹಿಡಿದುಕೊಂಡು ಅವಳು ವರ್ಕ್‌ಶಾಪಿಗೆ ಹೋದಳು. ಬ್ರಾಂಕೋ ಓದಿದ, ಎಣ್ಣೆಯ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಸಹಿ ಹಾಕಿದ. ಸಹಿಯ ಮೇಲೆ ಹೆಬ್ಬೆರಳಿನ ಕಪ್ಪು ಗುರುತು ಉಳಿಯಿತು.

“ಅಂಗಿ ವಿಷ್ಯ ಏನ್ಮಾಡೋದು?” ಎಂದಳು ದೇಸಾಂಕಾ, ಮಿಲುತಿನ್ ಹೇಳಿದ್ದನ್ನೆಲ್ಲ ತಿಳಿಸಿ.

ಬ್ರಾಂಕೋ ಮುಖ ಆ ಕಡೆ ತಿರುಗಿಸಿದ. “ನಾನು ಶುರುಮಾಡಲಾರೆ ಚಿಕ್ಕಮ್ಮ. ಎರಡು ಅಂಗಿ ಹಾಕ್ಕೊಂಡ್ ಬರ್ಲಿ ಅಂದಿದ್ನಲ್ಲ ನಾನು, ಆ ಮಾತು ಗಂಟಲಲ್ಲೇ ಇದೆ.”

“ಗಂಡಸ್ರು ಮಾಡೋ ಕೆಲಸ ಇದು.”

“ಇವತ್ತು ಗಂಡಸ್ರು ಯಾರೂ ಇಲ್ಲ ಇಲ್ಲಿ,” ಎಂದ ಬ್ರಾಂಕೋ.

ಎಲ್ಲರೂ ಹಿಂದಿನ ಬೆಂಚಿನ ಕಡೆ ನಡೆದರು. ಯಾರೋ ಪ್ಲಮ್ ಹಣ್ಣಿನ ಸಾರಾಯಿ ತಂದಿದ್ದರು. ಚಿಕ್ಕ ಲೋಟಗಳಿಗೆ ಸುರಿದುಕೊಂಡು ಮೊದಲು ಒಂದೊಂದು ಹನಿ ನೆಲಕ್ಕೆ ಚೆಲ್ಲಿದರು. “ಲಾಜಾರ್‌ಗೆ,” ಎಂದಳು ದೇಸಾಂಕಾ. ಲೋಟಕ್ಕೆ ಲೋಟ ತಾಗಿಸದೆ ಕುಡಿದರು, ಸತ್ತವರಿಗಾಗಿ ಕುಡಿಯುವಾಗ ತಾಗಿಸುವುದಿಲ್ಲ. ಮಿಲುತಿನ್ ಎದ್ದು ನಿಂತಿದ್ದ, ಅವನ ಗಡ್ಡದೊಳಗೆ ಕಣ್ಣೀರು ಇಳಿಯುತ್ತಿತ್ತು.

ದೇಸಾಂಕಾ ಅವನ ಮುಂದೆ ಹೋಗಿ ನಿಂತಳು. “ಹರೀಲಾ ಮಗನೇ? ಬೇಡ ಅಂದ್ರೆ ಇಲ್ಲ.”

ಅವನು ಎರಡೂ ತೋಳುಗಳನ್ನು ಸ್ವಲ್ಪ ಎತ್ತಿದ, ಬಟ್ಟೆ ಅಳತೆ ಕೊಡುವ ಹುಡುಗನ ಹಾಗೆ.

ಇಡೀ ಆಯುಷ್ಯ ಹೊಲಿದ ಕೈಗೆ ಬಟ್ಟೆ ಎಲ್ಲಿ ಬಿಡುತ್ತದೆ ಎಂಬುದು ಗೊತ್ತು. ಅವಳು ಎಡ ಭುಜದ ಹೊಲಿಗೆಗೆ ಬೆರಳು ತೂರಿಸಿ ಎಳೆದಳು. ಪರ್ರ್ ಎಂದು ತೋಳು ಕಿತ್ತು ಬಂತು. “ದುನ್ಯಾ ಬಾಳಲಿ!” ಎಂದಳು. ಗಟ್ಟಿಯಾಗಿ ಹೇಳಬೇಕೆಂದುಕೊಂಡಿದ್ದಳು, ಸ್ವರ ಅರ್ಧಕ್ಕೇ ಒಡೆಯಿತು. ಉಳಿದರ್ಧವನ್ನು ಬ್ರಾಂಕೋ ಕೂಗಿದ, “ಬಾಳಲಿ, ಆರೋಗ್ಯವಾಗಿರಲಿ!” ಅವನು ಬಲಗಡೆಯ ತೋಳು ಹಿಡಿದು ಜಗ್ಗಿದ, ಇನ್ನೊಬ್ಬ ಕಾಲರು, ಮತ್ತೊಬ್ಬ ಬೆನ್ನು. ಗುಂಡಿಗಳು ಸಿಮೆಂಟಿನ ಮೇಲೆ ಉರುಳಿದವು. ಈಗ ಲೋಟಗಳು ಒಂದಕ್ಕೊಂದು ತಾಗಿದವು. ಆ ಗಲಾಟೆಯ ನಡುವೆ ಮಿಲುತಿನ್ ನಗುತ್ತಿದ್ದನೋ ಅಳುತ್ತಿದ್ದನೋ ಯಾರಿಗೂ ತಿಳಿಯಲಿಲ್ಲ, ತಿಳಿದುಕೊಳ್ಳಲು ಯಾರೂ ಹೋಗಲೂ ಇಲ್ಲ.

ಚಿಂದಿಗಳನ್ನು ಲಿಂಡನ್ ಮರಕ್ಕೆ ಕಟ್ಟಲು ಬ್ರಾಂಕೋ ಏಣಿ ತಂದ. ಮಿಲುತಿನ್ ಕೈ ಅಡ್ಡ ಹಿಡಿದ. “ತೋಳು ಎರಡೂ ನನಗಿರ್ಲಿ. ತಿಯಾನಾಗೆ ತೋರಿಸ್ಬೇಕು.” ಸಂಜೆ ದೇಸಾಂಕಾ ಕೊಟ್ಟ ಹಾಳೆಯನ್ನು ಕಿಸೆಯಲ್ಲಿಟ್ಟುಕೊಂಡು ಅವನು ಬಸ್ ಹತ್ತುವಾಗ ಕೋಟಿನ ಗುಂಡಿ ಹಾಕಿರಲಿಲ್ಲ. ಆ ಚಳಿಯಲ್ಲೂ ಒಳಗಿನ ಚಿಂದಿ ಎಲ್ಲರಿಗೂ ಕಾಣುತ್ತಿತ್ತು. ಸೋಮವಾರ ಅವನು ಹೊಸ ಅಂಗಿ ಹಾಕಿಕೊಂಡು ಬಂದ, ಮ್ಯಾನೇಜರಿಗೆ ಕೊಡುತ್ತೇನೆ ಎಂದಿದ್ದ ಕಾಗದ ಕೊಡಲಿಲ್ಲ.

ಅದರ ಮುಂದಿನ ಭಾನುವಾರ ದೇಸಾಂಕಾ ಎಂದಿನಂತೆ ಝಿವೋತಾನ ಸಮಾಧಿಗೆ ಹೋದಳು. ಮರಳುವಾಗ ದಾರಿ ಬದಲಿಸಿ, ಸ್ಮಶಾನದ ಮೂಲೆಯಲ್ಲಿ ಮಕ್ಕಳನ್ನು ಇಡುವ ಕಡೆ ಹೆಜ್ಜೆ ಹಾಕಿದಳು. ಹೊಸ ಮಣ್ಣಿನ ಮೇಲೆ ಮೊಣಕಾಲುದ್ದದ ಮರದ ಶಿಲುಬೆ. ಅದರ ಕೊರಳಿಗೆ ಚೌಕುಳಿ ಅಂಗಿಯ ತೋಳೊಂದನ್ನು ಗಂಟು ಹಾಕಿ ಕಟ್ಟಿದ್ದರು. ಇನ್ನೊಂದು ತೋಳು ಎಲ್ಲಿದೆ ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ, ಅದು ದುನ್ಯಾಳ ತೊಟ್ಟಿಲಿಗಿತ್ತು. ಆ ಹುಡುಗ ಹುಟ್ಟಿದ್ದಕ್ಕೂ ಅವನಪ್ಪನ ಅಂಗಿ ಹರಿಯಬೇಕಾಗಿತ್ತು. ಆ ತಾಯಿಗೆ ಗೊತ್ತಿದ್ದದ್ದು ಎಲ್ಲರ ಪರವಾಗಿ ಬರೆಯುತ್ತ ಬಂದ ದೇಸಾಂಕಾಳಿಗೆ ಗೊತ್ತಿರಲಿಲ್ಲ.

ಗಾಳಿಗೆ ಗಂಟು ಸಡಿಲವಾಗಿತ್ತು. ಅವಳು ಮಣ್ಣಿನಲ್ಲಿ ಮೊಣಕಾಲೂರಿ ಅದನ್ನು ಬಿಗಿಮಾಡಿದಳು. “ಲಾಜಾರ್,” ಎಂದಳು, “ನೀನು ಹುಟ್ಟಿದ್ದು ನಮಗೆಲ್ಲ ಬಹಳ ಸಂತೋಷ ಕಣಪ್ಪ.” ಆಮೇಲೆ ಅಲ್ಲೇ ಕೂತು ಅತ್ತಳು.